ಅತ್ತೆ-ಮಾವ ತೀರಿಕೊಂಡಾಗ ಸೊಸೆಯನ್ನು, ಅಳಿಯನನ್ನು ಮಾತಾಡಿಸುವುದು ಹೇಗೆ?

ಅಮ್ಮ ತೀರಿಕೊಂಡ ನಾಲ್ಕನೇ ದಿನ. ಹಾಸನದಲ್ಲಿ ಅಣ್ಣನ ಮನೆ. ಹಿಂದಿನ ದಿನವಷ್ಟೇ ಹಾಲು-ತುಪ್ಪ ಮುಗಿದಿತ್ತು. ನಾನು ನಡುಮನೆಯಲ್ಲಿ ಚಾಪೆ ಮೇಲೆ ಕೂತಿದ್ದೆ. ಬಂದವರೆಲ್ಲ ನೇರ ನನ್ನ ಹತ್ತಿರ ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಅಣ್ಣನ ಕಡೆ ತಿರುಗುತ್ತಿದ್ದರು. ಅಷ್ಟರಲ್ಲಿ ಅತ್ತಿಗೆ ತಟ್ಟೆಯಲ್ಲಿ ಕಾಫಿ ತಂದು ಹಿಡಿಯುತ್ತಿದ್ದರು. ಲೋಟ ತೆಗೆದುಕೊಂಡವರು ಅವರ ಮುಖ ನೋಡುತ್ತಿರಲಿಲ್ಲ. "ಸಕ್ಕರೆ ಇಲ್ಲದ್ದು ಯಾವುದಮ್ಮ?" ಅಂತ ಕೇಳಿದವರೂ ಇದ್ದರು.

ಅಮ್ಮ ಪಾರ್ಶ್ವವಾಯು ಹೊಡೆದು ಮೂರು ವರ್ಷ ಮಲಗಿದಲ್ಲೇ ಇದ್ದರು. ಅಷ್ಟೂ ದಿನ ಮಗ್ಗುಲು ಬದಲಿಸಿದ್ದು, ಗಂಜಿ ಕುಡಿಸಿದ್ದು, ರಾತ್ರಿ ಎರಡೆರಡು ಸಲ ಎದ್ದಿದ್ದು ಅತ್ತಿಗೆ. ನಾನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದವಳು.

ಆ ಮಧ್ಯಾಹ್ನ ಹಿಂದಿನ ಬೀದಿಯ ಅಜ್ಜಿಯೊಬ್ಬರು ಬಂದರು. ನಡುಮನೆಯಲ್ಲಿ ನಿಲ್ಲಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಉಕ್ಕಲು ಬಂದಿದ್ದ ಹಾಲಿನ ಕೆಳಗೆ ಗ್ಯಾಸ್ ಆರಿಸಿದರು. "ಬಾರವ್ವ, ಕೂತ್ಕೋ ಇಲ್ಲಿ. ನಿಮ್ಮತ್ತೆ ರಾತ್ರಿ ಹೊತ್ತು ನಿನ್ನ ಹೆಂಗೆ ಕರೀತಿದ್ರು?" ಅಂದರು. ಕೇಳಿದ್ದು ಅಷ್ಟೇ. ಅತ್ತಿಗೆ ಕುಸಿದು ಕೂತರು. ಮಾತು ತೊದಲಾದ ಮೇಲೆ ಅಮ್ಮನಿಗೆ ಹೆಸರು ಹಿಡಿದು ಕರೆಯಲು ಆಗುತ್ತಿರಲಿಲ್ಲವಂತೆ. ಮಂಚದ ಕಂಬಿಗೆ ಚಮಚದಲ್ಲಿ ತಟ್ಟುತ್ತಿದ್ದರಂತೆ. "ನಾಲ್ಕು ರಾತ್ರಿಯಿಂದ ಆ ಸದ್ದು ಕೇಳಿದ ಹಾಗಾಗಿ ಎದ್ದು ಕೂರ್ತಿದ್ದೀನಿ ಅಜ್ಜಿ" ಅಂದರು. ಚಮಚದ ವಿಷಯ ಮಗಳಾದ ನನಗೇ ಗೊತ್ತಿರಲಿಲ್ಲ.

ಸಾವಿನ ಮನೆಯಲ್ಲಿ ಸೊಸೆ ಮತ್ತು ಅಳಿಯ ಇಬ್ಬರಿಗೂ ಕೆಲಸ ಇರುತ್ತದೆ, ದುಃಖಪಡುವುದಕ್ಕೆ ಜಾಗ ಇರುವುದಿಲ್ಲ. ಅವರನ್ನು ಮಾತಾಡಿಸಲು ಹೋಗುವವರಿಗೆ, ದೂರದಿಂದ ಮೆಸೇಜ್ ಬರೆಯುವವರಿಗೆ ನಾನು ಆ ಹನ್ನೊಂದು ದಿನದಲ್ಲಿ, ಆಮೇಲಿನ ಒಂದು ವರ್ಷದಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ: ಅವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕಿತ್ತು?

ನಮ್ಮಲ್ಲಿ 'ಅತ್ತೆ' ಅಂದರೆ ಗಂಡನ ಅಮ್ಮ ಮಾತ್ರ ಅಲ್ಲ, ಅಪ್ಪನ ಅಕ್ಕ-ತಂಗಿಯೂ ಅತ್ತೆಯೇ. 'ಮಾವ' ಅಂದರೆ ಅಮ್ಮನ ಅಣ್ಣ-ತಮ್ಮನೂ ಹೌದು. ಸುಮ್ನೆ ಪದ ಒಂದೇ ಅಂತಲ್ಲ. ಸಂಬಂಧದಲ್ಲೇ ಮದುವೆ ಆದವರು ನಮ್ಮ ಸುತ್ತ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಸೋದರತ್ತೆಯ ಮಗನನ್ನು ಮದುವೆಯಾದವಳಿಗೆ ಅತ್ತೆ ತೀರಿಕೊಂಡರೆ ಹೋದದ್ದು ಅಪ್ಪನ ಒಡಹುಟ್ಟು. ಸೋದರಮಾವನನ್ನೇ ಮದುವೆಯಾದವಳಿಗೆ ಅತ್ತೆ ಅಂದರೆ ಸ್ವಂತ ಅಜ್ಜಿ, ಅವಳಮ್ಮನ ಅಮ್ಮ. ಅಂಥವಳಿಗೆ "ಪಾಪ, ನಿಮ್ಮ ಯಜಮಾನರಿಗೆ ತುಂಬಾ ಕಷ್ಟ ಆಗಿರಬೇಕು" ಅಂದರೆ ಹೇಗಿರುತ್ತದೆ ಯೋಚಿಸಿ. ಅವಳು ಹುಟ್ಟಿದಾಗ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅದು.

ಆದ್ದರಿಂದ ಹೋಗುವ ಮುಂಚೆ ಪರಿಚಯದವರೊಬ್ಬರಿಗೆ ಫೋನ್ ಮಾಡಿ ಎರಡು ವಿಷಯ ತಿಳಿದುಕೊಳ್ಳಿ. ಮೊದಲನೆಯದು, ಹಳೇ ಸಂಬಂಧವಾ, ಹೊಸ ಸಂಬಂಧವಾ. ಎರಡನೆಯದು, ಒಂದೇ ಮನೆಯಲ್ಲಿ ಇದ್ದರಾ, ಕೊನೆಗಾಲದಲ್ಲಿ ನೋಡಿಕೊಂಡವರು ಯಾರು. ಇವೆರಡು ಗೊತ್ತಿದ್ದರೆ ಅರ್ಧ ತಪ್ಪು ಮಾತುಗಳು ಬಾಯಿಗೆ ಬರುವುದೇ ಇಲ್ಲ.

ಆ ಮನೆಯ ಪದ್ಧತಿಯನ್ನೂ ಆಗಲೇ ಕೇಳಿಬಿಡಿ. ಸೂತಕ ಇರುವಾಗ ಮುಟ್ಟಿಸಿಕೊಳ್ಳದ ಮನೆಗಳಿವೆ. ಅಲ್ಲಿ ಕೈ ಹಿಡಿಯಲು ಹೋದರೆ ಸೊಸೆಗೇ ಮುಜುಗರ. ಲಿಂಗಾಯತರಲ್ಲಿ ಸೂತಕವನ್ನೇ ಒಪ್ಪದ ಮನೆಗಳಿವೆ. ಮುಸ್ಲಿಂ ಮನೆಗಳಲ್ಲಿ ಮೊದಲ ಮೂರು ದಿನ ನೆಂಟರು, ಅಕ್ಕಪಕ್ಕದವರು ಊಟ ಕಳಿಸುತ್ತಾರೆ. ಕೆಲವರು ಮಂಗಳವಾರ, ಶುಕ್ರವಾರ ಮಾತಾಡಿಸಲು ಬಂದರೆ ಇಷ್ಟಪಡುವುದಿಲ್ಲ. ನಿಮಗೆ ನಂಬಿಕೆ ಇರಲಿ ಬಿಡಲಿ, ನೀವು ಎದ್ದು ಹೋದ ಮೇಲೆ ಹಿರಿಯರ ಮಾತು ಕೇಳಬೇಕಾದವಳು ಸೊಸೆ. ಅದಕ್ಕಾದರೂ ಕೇಳಿಕೊಂಡು ಹೋಗಿ.

ಮನೆಗೆ ಹೋದ ಮೇಲೆ

ಮೊದಲು ನಡುಮನೆಯಲ್ಲಿ ಮಕ್ಕಳನ್ನು ಮಾತಾಡಿಸುವುದು ವಾಡಿಕೆ. ಅದು ಆಗಲಿ. ಐದು ನಿಮಿಷ ಆದ ಮೇಲೆ ಎದ್ದು ಸೊಸೆ ಎಲ್ಲಿದ್ದಾಳೋ ಅಲ್ಲಿಗೆ ಹೋಗಿ. ಸಾಮಾನ್ಯವಾಗಿ ಅಡುಗೆಮನೆ, ಹಿತ್ತಲು, ಇಲ್ಲದಿದ್ದರೆ ಬಂದವರಿಗೆ ಹಾಸಿಗೆ ಹೊಂದಿಸುತ್ತಿರುವ ಒಳಕೋಣೆ. ಅವಳನ್ನು ಹೊರಗೆ ಕರೆಸಬೇಡಿ. ಕರೆಸಿದರೆ ಅವಳು ಕಾಫಿ ಹಿಡಿದೇ ಬರುತ್ತಾಳೆ. ಸೂತಕದ ಮನೆಯಲ್ಲಿ ನೀರೂ ಮುಟ್ಟದವರಿದ್ದಾರೆ. ನಮ್ಮ ಕಡೆ ಹಾಲು-ತುಪ್ಪ ಆದ ಮೇಲೆ ಕುಡಿಯುತ್ತಾರೆ. ನಿಮಗೆ ನಡೆಯುತ್ತದೆ ಅಂದರೆ ಕಾಫಿಯನ್ನು ನೀವೇ ಸೋಸಿಕೊಂಡು ಅವಳಿಗೂ ಒಂದು ಲೋಟ ಕೊಡಿ. ನಮ್ಮ ಅತ್ತಿಗೆ ಆ ದಿನ ಮಧ್ಯಾಹ್ನದವರೆಗೆ ಎಷ್ಟೋ ಲೋಟ ಕಾಫಿ ಮಾಡಿದ್ದರು, ಅವರು ಕುಡಿದಿರಲಿಲ್ಲ.

ಮಾತು ಶುರು ಮಾಡುವಾಗ ಒಂದೇ ಒಂದು ಪದ ನೋಡಿಕೊಳ್ಳಿ. "ನಿಮ್ಮತ್ತೆ" ಅನ್ನಿ. "ಅವರಮ್ಮ", "ನಿಮ್ಮ ಯಜಮಾನರ ತಾಯಿ" ಅನ್ನಬೇಡಿ. ಅವಳು ಅತ್ತೆಯನ್ನು 'ಅಮ್ಮ' ಅಂತಲೇ ಕರೆಯುತ್ತಿದ್ದಳು ಅಂತ ಗೊತ್ತಿದ್ದರೆ "ಅಮ್ಮ ಹೋಗಿಬಿಟ್ಟರಲ್ಲಮ್ಮ" ಅನ್ನಿ. ಸಾವು ಅವಳದ್ದೂ ಹೌದು ಅಂತ ನೀವು ಒಪ್ಪಿಕೊಂಡಿದ್ದೀರಿ ಅನ್ನುವುದು ಆ ಒಂದು ಪದದಲ್ಲೇ ಅವಳಿಗೆ ತಿಳಿಯುತ್ತದೆ.

ಆಮೇಲೆ ಒಂದು ಪ್ರಶ್ನೆ ಕೇಳಿ, ಸುಮ್ಮನಾಗಿ. ಆ ಪ್ರಶ್ನೆ ಅವರಿಬ್ಬರ ದಿನಚರಿಯದಾಗಿರಲಿ. ಬೆಳಗ್ಗೆ ಮೊದಲು ಏಳುತ್ತಿದ್ದವರು ಯಾರು, ಔಷಧಿ ತಗೊಳ್ಳಲು ಹಟ ಮಾಡುತ್ತಿದ್ದರಾ, ಟಿವಿಯಲ್ಲಿ ಏನು ನೋಡುತ್ತಿದ್ದರು, ಕೊನೇ ಸಲ ಹೊಟ್ಟೆ ತುಂಬಾ ಏನು ತಿಂದರು, ಇಂಥವು. "ಹೇಗಾಯ್ತು?" ಅನ್ನುವ ಪ್ರಶ್ನೆಯನ್ನು ಅವಳು ಬೆಳಗ್ಗೆಯಿಂದ ಹತ್ತಾರು ಸಲ ಕೇಳಿರುತ್ತಾಳೆ. ಆಸ್ಪತ್ರೆ, ಆಕ್ಸಿಜನ್, ಡಾಕ್ಟರು ಏನಂದರು ಅಂತ ಟೇಪ್ ಹಾಕಿದ ಹಾಗೆ ಹೇಳಿ ಮುಗಿಸುತ್ತಾಳೆ. ಅದರಲ್ಲಿ ಅವಳು ಎಲ್ಲೂ ಇರುವುದಿಲ್ಲ.

ಅತ್ತರೆ ಅಳಲಿ. ನಕ್ಕರೂ ಗಾಬರಿಯಾಗಬೇಡಿ. ಅತ್ತೆಯ ಹಟದ ಕಥೆ ಹೇಳುತ್ತಾ ನಗುವ ಸೊಸೆಯರು ಬೇಕಾದಷ್ಟಿದ್ದಾರೆ. ಆದರೆ ನಡುಮನೆಯಲ್ಲಿ ಆ ನಗು ಕೇಳಿಸಬಾರದು ಅನ್ನುವ ಭಯ ಅವಳಿಗೆ ಇರುತ್ತದೆ. ನೀವು ಬಾಗಿಲ ಹತ್ತಿರ ನಿಂತುಕೊಳ್ಳಿ, ಸಾಕು.

ಹೊರಡುವಾಗ "ಹೋಗಿ ಬರ್ತೀನಿ" ಅನ್ನಬಾರದು ಅಂತ ನಮ್ಮ ಹಳಬರ ಮಾತು. ಸುಮ್ಮನೆ ತಲೆ ಆಡಿಸಿ ಎದ್ದು ಬರುವುದು ರೂಢಿ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಕೈಯಿಂದ ತೆಗೆದುಕೊಳ್ಳಿ. "ಏನಾದರೂ ಬೇಕಾದರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ನಾಳೆ ಬೆಳಗ್ಗೆ ತಿಂಡಿ ನಮ್ಮನೆಯಿಂದ, ಇಪ್ಪತ್ತು ಜನಕ್ಕೆ ಇಡ್ಲಿ ತರ್ತೀವಿ, ನೀನು ಒಲೆ ಹಚ್ಚಬೇಡ" ಅಂದರೆ ಅದು ಕೆಲಸ. ಒಪ್ಪಿಗೆಗೆ ಕಾಯಬೇಡಿ. ಆದರೆ ಆ ಮನೆಯಲ್ಲಿ ಹೊರಗಿನ ಅಡುಗೆ ನಡೆಯುತ್ತದಾ ಅಂತ ಮಾತ್ರ ಅತ್ತೆಯ ಕಡೆಯ ಹಿರಿಯರೊಬ್ಬರನ್ನು ಕೇಳಿ.

ಬಾಯಿ ತಪ್ಪಿಯೂ ಅನ್ನಬಾರದ ಮೂರು ಮಾತು

ಮೊದಲನೆಯದು, "ಇನ್ಮೇಲೆ ಮನೆ ಯಜಮಾನಿ ನೀನೇ." ಇದನ್ನು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬೀರುವಿನ ಬೀಗದ ಕೈ ಕೈಬದಲಾದ ಲೆಕ್ಕ ಅದರಲ್ಲಿದೆ. ಪಕ್ಕದಲ್ಲಿ ನಾದಿನಿ ಕೂತಿದ್ದರೆ ಮುಗಿಯಿತು. ಅಮ್ಮನ ಸರ ಯಾರಿಗೆ, ಸೀರೆ ಯಾರಿಗೆ ಅನ್ನುವ ಯೋಚನೆ ಅಲ್ಲೇ ಮೊಳಕೆ ಒಡೆಯುತ್ತದೆ. ನನ್ನೆದುರೇ ಒಬ್ಬರು ನಮ್ಮ ಅತ್ತಿಗೆಗೆ ಹೀಗಂದರು. ಅತ್ತಿಗೆ ನನ್ನ ಮುಖ ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ, ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ.

ಎರಡನೆಯದು, "ಪಾಪ, ನೀನೂ ಬಿಡುಗಡೆ ಆದೆ." ಮೂರು ವರ್ಷ ನೋಡಿಕೊಂಡವಳಿಗೆ ಎಲ್ಲೋ ಒಂದು ಕಡೆ ಹಗುರ ಅನಿಸಿರಬಹುದು. ಅದಕ್ಕೆ ಅವಳು ಒಳಗೊಳಗೇ ನಾಚಿಕೊಂಡೂ ಇರಬಹುದು. ಆ ಗಾಯಕ್ಕೆ ನೀವು ಬೆರಳಿಡುವುದು ಬೇಡ. ಅವಳೇ ಹೇಳಿಕೊಂಡರೆ ಕೇಳಿ. "ಹಾಗನ್ನಿಸೋದು ಸಹಜ ಕಣಮ್ಮ, ನಿನ್ನ ಮೈಯೂ ದಣಿದಿದೆ" ಅಂದರೆ ಸಾಕು. ನೀವಾಗಿ ಆ ಮಾತು ತೆಗೆಯಬೇಡಿ.

ಮೂರನೆಯದು ಕಾಲ್ಗುಣ. ಮದುವೆಯಾಗಿ ಆರು ತಿಂಗಳೋ ವರ್ಷವೋ ಆಗುವುದರೊಳಗೆ ಅತ್ತೆಯೋ ಮಾವನೋ ತೀರಿಕೊಂಡರೆ ಈ ಪದ ಮೂಲೆಯಲ್ಲಿ ಎಲ್ಲಿಂದಲೋ ಏಳುತ್ತದೆ. ನೇರ ಯಾರೂ ಹೇಳುವುದಿಲ್ಲ. "ಮದುವೆ ಆಗಿ ಎಷ್ಟು ದಿನ ಆಯ್ತು?" ಅಂತ ಕೇಳಿ, ಉತ್ತರ ಕೇಳಿಸಿಕೊಂಡು, ಒಂದು ಉಸಿರು ಬಿಡುತ್ತಾರೆ. ಅಷ್ಟೇ ಸಾಕು, ಹೊಸ ಸೊಸೆ ಕೋಣೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾಳೆ. ಇಂಥ ಕಡೆ ನೀವು ಸುಮ್ಮನಿದ್ದರೆ ಸಾಲದು. ಎಲ್ಲರಿಗೂ ಕೇಳಿಸುವ ಹಾಗೆ, ಜಗಳದ ದನಿ ಇಲ್ಲದೆ ನಿಜ ಸಂಗತಿ ಹೇಳಿ: "ಅವರಿಗೆ ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇತ್ತಲ್ವಾ. ಸೊಸೆ ಮುಖ ನೋಡಬೇಕು ಅಂತ ಆಸೆ ಇತ್ತು, ನೋಡಿಕೊಂಡು ಹೋದರು." ಮನೆಯ ಹಿರಿಯರೇ ಇದನ್ನು ಹೇಳಿದರೆ ಇನ್ನೂ ಒಳ್ಳೆಯದು. ಅವರನ್ನು ಪಕ್ಕಕ್ಕೆ ಕರೆದು ಹೇಳಿಸಿ. ಹೊಸ ಸೊಸೆಗೆ ಬೇರೆ ಯಾವ ಸಮಾಧಾನದ ಮಾತಿಗಿಂತ ಇದು ಹೆಚ್ಚು ಬೇಕು.

ಅಳಿಯನ ವಿಷಯ ಬೇರೆ

ಸೊಸೆ ಆ ಮನೆಯವಳು ಅಂತ ಲೆಕ್ಕ, ಅದಕ್ಕೇ ಕೆಲಸಕ್ಕೆ ಸಿಗುತ್ತಾಳೆ. ಅಳಿಯ ಮರ್ಯಾದೆಯ ನೆಂಟ ಅಂತ ಲೆಕ್ಕ. ಸಾವಿನ ಮನೆಯಲ್ಲಿ ಅವನಿಗೆ ಎಲ್ಲಿ ಕೂರಬೇಕು ಅಂತಲೇ ಗೊತ್ತಾಗುವುದಿಲ್ಲ. ಮಗ ಇದ್ದರೆ ಕರ್ಮ ಹಿಡಿಯುವವನು ಮಗ, ಮುಂದೆ ನಿಲ್ಲುವವನೂ ಅವನೇ. ಅಳಿಯ ಗೇಟಿನ ಹತ್ತಿರ ಫೋನ್ ಹಿಡಿದು ನಿಂತಿರುತ್ತಾನೆ. ಗಾಡಿ ಹೇಳುವುದು, ಶಾಮಿಯಾನ, ಕುರ್ಚಿ, ಐಸ್ ಪೆಟ್ಟಿಗೆ, ದೂರದವರಿಗೆ ದಾರಿ ಹೇಳುವುದು ಎಲ್ಲ ಅವನ ತಲೆ ಮೇಲೆ ಬಂದಿರುತ್ತದೆ. ಬಂದವರು ಅವನ ಹೆಗಲು ತಟ್ಟಿ ಹೇಳುವುದು ಒಂದೇ ಮಾತು: "ಅವಳನ್ನ ನೋಡ್ಕೊಳ್ಳಿ."

ನನ್ನ ಗಂಡನಿಗೂ ಹಾಗೇ ಆಯಿತು. ಅಮ್ಮನ ಫೋನ್ ರೀಚಾರ್ಜ್ ಮಾಡುತ್ತಿದ್ದವರು ಅವರು. ಮಲಗಿದ ಮೇಲೂ ಅಮ್ಮನಿಗೆ ಮಂಚದ ಪಕ್ಕ ಫೋನ್ ಬೇಕಿತ್ತು. ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡಿದರೆ ಅಮ್ಮ ನನಗಿಂತ ಜಾಸ್ತಿ ಹೊತ್ತು ಅಳಿಯನ ಮುಖ ನೋಡುತ್ತಿದ್ದರು. ಅಮ್ಮ ಹೋಗಿ ಒಂದು ತಿಂಗಳಿಗೆ "ಈ ನಂಬರಿನ ರೀಚಾರ್ಜ್ ಮುಗಿಯುತ್ತಿದೆ" ಅಂತ ಅವರ ಫೋನಿಗೆ ಮೆಸೇಜ್ ಬಂತಂತೆ. ಅವರು ನನಗೆ ಹೇಳದೆ ಮತ್ತೆ ರೀಚಾರ್ಜ್ ಮಾಡಿದ್ದರು. ಎರಡು ತಿಂಗಳಾದ ಮೇಲೆ ಬ್ಯಾಂಕ್ ಲೆಕ್ಕ ನೋಡುವಾಗ ನನಗೆ ಗೊತ್ತಾಯಿತು. ಯಾಕೆ ಅಂದೆ. "ನಂಬರ್ ಬೇರೆಯವರಿಗೆ ಹೋಗಿಬಿಡುತ್ತೆ ಅಲ್ವಾ" ಅಂದರು.

ಅಷ್ಟು ದಿನದಲ್ಲಿ ಅವರ ಜೊತೆ ಆ ಸಾವಿನ ಬಗ್ಗೆ ಮಾತಾಡಿದ್ದು ಆಫೀಸಿನ ಒಬ್ಬ ಗೆಳೆಯ ಮಾತ್ರ. ಅವರು ಹೇಳಿದ್ದೂ ದೊಡ್ಡ ಮಾತೇನಲ್ಲ: "ನಿಮ್ಮತ್ತೆ ಕಳಿಸ್ತಿದ್ದ ಚಟ್ನಿಪುಡಿ ನಾನೂ ಡಬ್ಬಿ ಡಬ್ಬಿ ತಿಂದಿದ್ದೀನಿ ಮಾರಾಯ." ಅವತ್ತು ಊಟದ ಹೊತ್ತೆಲ್ಲ ಇಬ್ಬರೂ ಅಮ್ಮನ ಬಗ್ಗೆಯೇ ಮಾತಾಡಿದರಂತೆ.

ಅಳಿಯನನ್ನು ಮಾತಾಡಿಸುವ ದಾರಿ ಅದೇ. ಅತ್ತೆ-ಮಾವ ಅವನಿಗೆ ಏನು ಕೊಟ್ಟರು, ಏನು ಮಾಡಿ ಕಳಿಸುತ್ತಿದ್ದರು, ಯಾವ ವಿಷಯಕ್ಕೆ ಅವನಿಗೇ ಫೋನ್ ಮಾಡುತ್ತಿದ್ದರು ಅನ್ನುವುದರಿಂದ ಶುರು ಮಾಡಿ. ಮಾವನ ಜೊತೆ ಕ್ರಿಕೆಟ್ ನೋಡುತ್ತಿದ್ದನಾ, ತೋಟದ ಲೆಕ್ಕ ಮಾತಾಡುತ್ತಿದ್ದನಾ, ಅದನ್ನು ಹಿಡಿಯಿರಿ. ಗಂಡಸರನ್ನು ಎದುರು ಕೂರಿಸಿಕೊಂಡು "ಹೇಗಿದ್ದೀಯ?" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಬರುತ್ತದೆ. ಜೊತೆಗೆ ಒಂದು ಕೆಲಸಕ್ಕೆ ಹೊರಡಿ, ದಾರಿಯಲ್ಲಿ ಮಾತು ತಾನಾಗಿ ಬರುತ್ತದೆ.

ಅಂಥ ಕೆಲಸ ಯಾವುದು ಅಂದರೆ, ಮರಣ ನೋಂದಣಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯವರೇ ಮಾಹಿತಿ ಕಳಿಸಬೇಕು, ಮನೆಯಲ್ಲಾದರೆ ಮನೆಯವರು ಹೋಗಬೇಕು. 21 ದಿನ ದಾಟಿದರೆ ದಂಡ, ತಿಂಗಳು ದಾಟಿದರೆ ಮೇಲಿನವರ ಅನುಮತಿಗೆ ಓಡಾಟ. ಹನ್ನೊಂದನೇ ದಿನದ ತಿಥಿಯ ಗಡಿಬಿಡಿಯಲ್ಲಿ ಇದು ಮರೆತೇ ಹೋಗುತ್ತದೆ. ಪ್ರಮಾಣಪತ್ರದಲ್ಲಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬಂದಿದೆಯಾ ಅಂತ ನೋಡಿ. ಒಂದು ಅಕ್ಷರ ತಪ್ಪಿದರೂ ಬ್ಯಾಂಕಿನಲ್ಲಿ ತಿಂಗಳುಗಟ್ಟಲೆ ಅಲೆಸುತ್ತಾರೆ. "ನಡಿ, ಇದನ್ನ ನಾವಿಬ್ಬರೂ ಹೋಗಿ ಮಾಡಿಸಿಕೊಂಡು ಬರೋಣ" ಅನ್ನಿ.

ನೀವು ಅವನ ಮೇಲಧಿಕಾರಿ ಆಗಿದ್ದರೆ ರಜೆಯ ವಿಷಯವನ್ನು ನೀವೇ ಎತ್ತಿ. ಸಾವಿನ ರಜೆ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ, ಅತ್ತೆ-ಮಾವನನ್ನು ಸೇರಿಸದ ಕಡೆಯೂ ಇದೆ. "ಓ, ಹೆಂಡತಿಯ ತಂದೆಯಾ?" ಅನ್ನುವ ಪ್ರಶ್ನೆಗೆ ಉತ್ತರಿಸುವ ಬದಲು ಜನ ಸುಮ್ನೆ ಜ್ವರ ಅಂತ ಬರೆದು ರಜೆ ಹಾಕುತ್ತಾರೆ. "ಹನ್ನೊಂದನೇ ದಿನಕ್ಕೂ ಊರಿಗೆ ಹೋಗಬೇಕಲ್ವಾ, ಅದನ್ನೂ ಸೇರಿಸಿ ಹಾಕಿಬಿಡಿ" ಅಂತ ನೀವೇ ಅಂದರೆ ಅವನಿಗೆ ಬೇಡುವ ಕೆಲಸ ತಪ್ಪುತ್ತದೆ.

ದೂರದಿಂದ ಬರೆಯುವಾಗ

ವಾಟ್ಸಾಪ್ ಗುಂಪಿನಲ್ಲಿ 'ಓಂ ಶಾಂತಿ' ಹಾಕಿ ಮುಗಿಸುವುದು ತಪ್ಪೇನಲ್ಲ, ಆದರೆ ಅದು ಗುಂಪಿಗೆ ಹಾಕಿದ್ದು. ಸೊಸೆಗೋ ಅಳಿಯನಿಗೋ ಬೇರೆಯಾಗಿ ನಾಲ್ಕು ಸಾಲು ಬರೆಯಿರಿ. ಸಾಮಾನ್ಯವಾಗಿ ಬರುವ ಮೆಸೇಜ್ ಹೀಗಿರುತ್ತದೆ:

"ನಿಮ್ಮ ಅತ್ತೆಯವರು ನಿಧನರಾದ ವಿಷಯ ತಿಳಿದು ಬೇಸರವಾಯಿತು. ನಿಮ್ಮ ಪತಿಗೆ ಹಾಗೂ ಕುಟುಂಬದವರಿಗೆ ನನ್ನ ಸಂತಾಪ ತಿಳಿಸಿ."

ಎರಡನೇ ಸಾಲು ನೋಡಿ. ಅವಳನ್ನು ಪೋಸ್ಟ್‌ಮ್ಯಾನ್ ಮಾಡಿದ ಹಾಗಾಯಿತು. ಅವಳ ಪಾಲಿಗೆ ಏನೂ ಉಳಿಯಲಿಲ್ಲ. ಅದನ್ನೇ ಹೀಗೆ ಬರೆಯಬಹುದು:

"ನಿಮ್ಮತ್ತೆ ಹೋದ ಸುದ್ದಿ ಬೆಳಗ್ಗೆ ಗೊತ್ತಾಯಿತು. ಹೋದ ವರ್ಷ ನಿಮ್ಮನೆಗೆ ಬಂದಾಗ ಅವರು ನಿಮ್ಮ ಕೈಯಿಂದಲೇ ಮಾತ್ರೆ ಬೇಕು ಅಂತ ಹಟ ಮಾಡಿದ್ದು ನೆನಪಿದೆ. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದವರು ನೀವಿಬ್ಬರು. ಇದಕ್ಕೆ ಉತ್ತರ ಬರೆಯಬೇಡಿ. ತಿಥಿ ಮುಗಿದ ಮೇಲಿನ ಭಾನುವಾರ ನಾನೇ ಫೋನ್ ಮಾಡ್ತೀನಿ."

ಇದರಲ್ಲಿ ನಾಲ್ಕು ಸಂಗತಿ ಇದೆ: ಸಾವು ಅವಳದ್ದು ಅಂತ ಹೇಳುವ ಪದ, ನೀವು ಕಣ್ಣಾರೆ ಕಂಡ ಒಂದು ನೆನಪು, ಅವರು ಜೊತೆಗಿದ್ದ ಕಾಲ, ಮತ್ತೆ ಉತ್ತರದ ಹೊರೆ ಇಲ್ಲ ಅನ್ನುವ ಮಾತು. ಹೊಗಳಿಕೆ ಇಲ್ಲ ನೋಡಿ. "ನೀವು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಿರಿ" ಅಂತ ಬರೆಯಬೇಕು ಅನಿಸುತ್ತದೆ, ಬರೆಯಬೇಡಿ. ಆ ಮೆಸೇಜನ್ನು ನಾದಿನಿಯೂ ಓದಬಹುದು. ನಾನು ಓದಿದ್ದೇನೆ. ಮಾತು ನಿಜವೇ ಆಗಿತ್ತು, ಆದರೂ ಒಂದು ವಾರ ಅತ್ತಿಗೆಯ ಜೊತೆ ಸರಿಯಾಗಿ ಮಾತಾಡಲು ಆಗಲಿಲ್ಲ.

ವಿದೇಶದಲ್ಲಿರುವ ಸೊಸೆಯದ್ದು ಇನ್ನೊಂದು ಕಷ್ಟ. ಸುದ್ದಿ ಬಂದ ರಾತ್ರಿಯೇ ಗಂಡ ಸಿಕ್ಕಿದ ವಿಮಾನ ಹತ್ತುತ್ತಾನೆ. ಮಕ್ಕಳ ಶಾಲೆ, ವೀಸಾ, ಟಿಕೆಟ್ ದುಡ್ಡು ಅಂತ ಅವಳು ಅಲ್ಲೇ ಉಳಿಯುತ್ತಾಳೆ. ಅತ್ತೆಯ ಮುಖವನ್ನು ಕೊನೆಗೆ ಫೋನಿನಲ್ಲಿ, ಯಾರೋ ಅಲುಗಾಡಿಸುತ್ತಾ ಹಿಡಿದ ವಿಡಿಯೋದಲ್ಲಿ ನೋಡುತ್ತಾಳೆ. ಅಲ್ಲಿನ ಕನ್ನಡದವರು ಆ ಹೊತ್ತಿಗೆ ಅವಳ ಮನೆಗೆ ಹೋಗಿ ಪಕ್ಕದಲ್ಲಿ ಕೂರಬೇಕು, ಒಬ್ಬರು ಮಕ್ಕಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಬೇಕು. ಊರಿನಲ್ಲಿರುವವರು ವಿಡಿಯೋ ಹಿಡಿಯುವವರಿಗೆ ಒಂದು ಮಾತು ಹೇಳಿ, ಒಂದು ನಿಮಿಷ ಫೋನನ್ನು ಮುಖದ ಹತ್ತಿರ ಅಲುಗಾಡಿಸದೆ ಹಿಡಿಯಲಿ ಅಂತ.

ಹೊಂದಾಣಿಕೆ ಇರಲಿಲ್ಲ ಅಂದರೆ

ಎಲ್ಲ ಅತ್ತೆ-ಸೊಸೆಯರೂ ಒಂದೇ ತಟ್ಟೆಯಲ್ಲಿ ಉಂಡವರಲ್ಲ. ವರ್ಷಗಟ್ಟಲೆ ಮಾತು ಬಿಟ್ಟವರಿರುತ್ತಾರೆ. ವರದಕ್ಷಿಣೆಗೆ, ಜಾತಿಗೆ, ಹೆಣ್ಣು ಮಗು ಹುಟ್ಟಿತು ಅನ್ನುವುದಕ್ಕೆ ಅನ್ನಿಸಿಕೊಂಡವರಿರುತ್ತಾರೆ. ಅಂಥವಳಿಗೂ ಆ ಸಾವು ಏನೋ ಒಂದನ್ನು ಕಿತ್ತುಕೊಂಡಿರುತ್ತದೆ. ಒಂದು ದಿನ ಮುಖಕ್ಕೆ ಮುಖ ಕೊಟ್ಟು ಕೇಳಬೇಕು ಅಂದುಕೊಂಡಿದ್ದ ಮಾತು ಇನ್ನು ಕೇಳಲು ಆಗುವುದಿಲ್ಲ.

ಅವಳ ಹತ್ತಿರ ಹೋಗಿ "ತಾಯಿಯಂಥ ಅತ್ತೆ" ಅನ್ನಬೇಡಿ, ಅವಳಿಗೆ ಅದು ಅಣಕಿಸಿದ ಹಾಗೆ. "ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು" ಅಂತ ಬಾಯಿ ಮುಚ್ಚಿಸಬೇಡಿ. ಹಳೇ ಜಗಳ ಕೆದಕಿ "ಅವರು ನಿನಗೆ ಕೊಟ್ಟ ಕಾಟ ನನಗೆ ಗೊತ್ತಿಲ್ವಾ" ಅಂತ ಅವಳ ಪಕ್ಷವನ್ನೂ ವಹಿಸಬೇಡಿ. ನಾಳೆ ಅದು ಅವಳ ಗಂಡನ ಕಿವಿಗೆ ಬಿದ್ದರೆ ಸಿಕ್ಕಿಹಾಕಿಕೊಳ್ಳುವವಳು ಅವಳೇ. "ಈ ವಾರ ನಿನಗೂ ತುಂಬಾ ಭಾರ ಆಗಿದೆ. ನಿದ್ದೆ ಮಾಡಿದೆಯಾ?" ಅನ್ನಿ. ಅಷ್ಟರಲ್ಲಿ ಸುಳ್ಳೂ ಇಲ್ಲ, ದೂರೂ ಇಲ್ಲ. ಅವಳು ಅಳದಿದ್ದರೆ "ಕಣ್ಣೀರೇ ಬರಲಿಲ್ಲ ನೋಡು" ಅಂತ ಲೆಕ್ಕ ಇಡುವವರು ಮನೆ ತುಂಬಾ ಇರುತ್ತಾರೆ. ನೀವು ಒಬ್ಬರಾದರೂ ಅವಳ ಕಣ್ಣನ್ನು ನೋಡದೆ ಇರಿ.

ಬೀಗರಾಗಿ ಹೋಗುವಾಗ

ಸೊಸೆಯ ತವರಿನವರು ಸಾವಿನ ಮನೆಗೆ ಬೀಗರಾಗಿ ಹೋಗುತ್ತಾರೆ. ಅಳಿಯನನ್ನು, ಬೀಗರನ್ನು ಮಾತಾಡಿಸುವುದರಲ್ಲೇ ಸಮಯ ಹೋಗುತ್ತದೆ. ಮಗಳನ್ನು ನೋಡಿದರೆ "ಬೇರೆಯವರ ಮುಂದೆ ಸರಿಯಾಗಿ ಇರು, ಮನೆಯವರಿಗೆ ಏನೂ ಕಡಿಮೆ ಮಾಡಬೇಡ" ಅಂತ ಬುದ್ಧಿ ಹೇಳಿ ಬರುತ್ತಾರೆ. ತಿಥಿಯ ದಿನ ಬಟ್ಟೆ ತೆಗೆದುಕೊಂಡು ಹೋಗುವ ಪದ್ಧತಿ ಹಲವು ಕಡೆ ಇದೆ. ಅಳಿಯನಿಗೆ ಪಂಚೆ-ಶರಟು, ಮಗಳಿಗೆ ಸೀರೆ. ಆ ಸೀರೆಯನ್ನು ಎಲ್ಲರೆದುರು ಮಡಿಲಿಗೆ ಹಾಕಿದ ಮೇಲೆ ಅಮ್ಮನಾದವಳು ಎರಡು ನಿಮಿಷ ಮಗಳ ಜೊತೆ ಒಳಗೆ ಕೂತು "ನಿನಗೆ ಅವರು ಹೆಂಗಿದ್ದರು, ನನಗೆ ಹೇಳು" ಅಂದರೆ ಸೀರೆಗಿಂತ ಅದು ಬಹಳ ದಿನ ಇರುತ್ತದೆ. ತವರಿನಲ್ಲಿ ಅತ್ತೆಯ ದೂರು ಮಾತ್ರ ಹೇಳಿಕೊಂಡವಳಿಗೆ, ಅತ್ತೆಯ ಮೇಲಿದ್ದ ಪ್ರೀತಿಯನ್ನು ಅಮ್ಮನ ಮುಂದೆ ಹೇಳಲು ಒಂದು ಥರ ಸಂಕೋಚ. ಆ ಸಂಕೋಚವನ್ನು ಅಮ್ಮನೇ ಮುರಿಯಬೇಕು.

ಸಾಧ್ಯವಾದರೆ ಜನ ಖಾಲಿಯಾದ ಮೇಲೆ ಒಂದು ವಾರ ಮಗಳನ್ನು ಮನೆಗೆ ಕರೆಸಿಕೊಳ್ಳಿ. ಕೇಳುವಾಗ ಬೀಗರನ್ನೇ ಕೇಳಿ, ಅವಳ ಕೈಯಲ್ಲಿ ಕೇಳಿಸಬೇಡಿ.

ಹನ್ನೊಂದು ದಿನ ಕಳೆದ ಮೇಲೆ

ತಿಥಿ ಮುಗಿಯಿತು ಅಂದರೆ ನಡುಮನೆ ಖಾಲಿ. ಮಗಳು ಗಂಡನ ಮನೆಗೆ ಹೋದಳು, ಮಗ ಕೆಲಸಕ್ಕೆ ಹೋದ. ಅತ್ತೆಯ ಮಂಚ, ಔಷಧಿ ಡಬ್ಬಿ, ಮೂಲೆಯಲ್ಲಿ ಊರುಗೋಲು ಇರುವ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುವವಳು ಸೊಸೆ. ಮೆಸೇಜಿನಲ್ಲಿ ಹೇಳಿದ ಭಾನುವಾರದ ಫೋನನ್ನು ಆಗ ಮರೆಯದೆ ಮಾಡಿ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಮಾಡಿದರೆ ಒಳ್ಳೆಯದು. ಮುದುಕರಿರುವ ಮನೆಯಲ್ಲಿ ಅದು ಕಾಫಿ ಕೇಳುವ ಹೊತ್ತು.

ವರ್ಷ ತುಂಬುವವರೆಗೆ ಹಬ್ಬ ಮಾಡದ ಮನೆಗಳು ಜಾಸ್ತಿ. ಯುಗಾದಿಗೆ ಹೋಳಿಗೆ ಇಲ್ಲ, ಗೌರಿಗೆ ಬಾಗಿನ ಇಲ್ಲ. ಹತ್ತಿರದವರು ಆ ದಿನ ಒಂದು ಕ್ಯಾರಿಯರ್‌ನಲ್ಲಿ ಊಟ ಕೊಟ್ಟು ಕಳಿಸಿದರೆ, ಮಕ್ಕಳಿಗೆ ಸಿಹಿ ಸಿಕ್ಕಿದ ಹಾಗೂ ಆಗುತ್ತದೆ, ಅವಳನ್ನು ನೆನೆದ ಹಾಗೂ ಆಗುತ್ತದೆ.

ಆಮೇಲೆ ಪಿತೃಪಕ್ಷ. ಭಾದ್ರಪದದ ಕತ್ತಲ ಪಕ್ಷ, ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತದೆ. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆ. ವರ್ಷ ತುಂಬುವವರೆಗೆ ಇಡದ ಮನೆಗಳೂ ಇವೆ. ಯಾವಾಗ ಇಟ್ಟರೂ ಅಡುಗೆ ಮಾಡುವವಳು ಸಾಮಾನ್ಯವಾಗಿ ಸೊಸೆ. ಅವತ್ತು ಸಂಜೆ ಫೋನ್ ಮಾಡಿ "ಏನೇನು ಎಡೆ ಇಟ್ಟೆ?" ಅಂತ ಕೇಳಿ. ಅತ್ತೆಗೆ ಏನು ಇಷ್ಟ ಅಂತ ಪಟ್ಟಿ ಹೇಳುವಾಗ ಅವಳು ತಾನಾಗಿಯೇ ಉಳಿದದ್ದನ್ನೂ ಹೇಳುತ್ತಾಳೆ.

ಅಮ್ಮನಿಗೆ ವರ್ಷ ತುಂಬಿದ ಮೇಲಿನ ಮೊದಲ ಪಿತೃಪಕ್ಷದಲ್ಲಿ ನಾನೂ ಅತ್ತಿಗೆಗೆ ಫೋನ್ ಮಾಡಿದೆ. ಗಸಗಸೆ ಪಾಯಸ ಅಂತಾರೆ ಅಂದುಕೊಂಡಿದ್ದೆ, ಅಮ್ಮನಿಗೆ ಅದೇ ಇಷ್ಟ ಅಂತ ನನ್ನ ಲೆಕ್ಕ. ಪಾಯಸವನ್ನೂ ಮಾಡಿದ್ದರು. "ಅದರ ಪಕ್ಕ ಒಂದು ಲೋಟ ಕಾಫಿ, ಎರಡು ರಸ್ಕು ಇಟ್ಟೆ ಕಣೇ. ಕೊನೆಕೊನೆಗೆ ಅದೊಂದನ್ನೇ ಕೇಳ್ತಿದ್ದಿದ್ದು. ಅದ್ದಿ ಮೆತ್ತಗೆ ಮಾಡಿ ಕೊಡಬೇಕಿತ್ತು" ಅಂದರು. ಎಷ್ಟು ಹೊತ್ತು ಅದ್ದಬೇಕಿತ್ತು ಅಂತ ಕೇಳಿದೆ. ಅತ್ತಿಗೆ ಹೇಳತೊಡಗಿದರು.